ಅಪ್ಪನ ಎಫ್‌ಡಿ ವೀಸಾಕ್ಕೆ ಸಾಕಾಗುತ್ತಾ?

ಪ್ರಶ್ನೆ: ನಮಸ್ಕಾರ ಸರ್. ವೀಸಾಕ್ಕೆ ಅರ್ಜಿ ಹಾಕಬೇಕು ಅಂತಿದ್ದೀನಿ. ಅಪ್ಪನ ಹೆಸರಲ್ಲಿ 14 ಲಕ್ಷದ ಎಫ್‌ಡಿ ಇದೆ, ನನ್ನ ಉಳಿತಾಯ ಖಾತೆಯಲ್ಲಿ 60 ಸಾವಿರ. ಇಷ್ಟು ಸಾಕಾ, ಇಲ್ಲ ಎಫ್‌ಡಿ ಮುರಿಸಿ ನನ್ನ ಖಾತೆಗೆ ಹಾಕಿಸಬೇಕಾ? ಪಾಸ್‌ಪೋರ್ಟ್ ಅವಧಿ ಇನ್ನು ಏಳು ತಿಂಗಳಿದೆ. ವೀಸಾ ಎಷ್ಟು ದಿನಕ್ಕೆ ಬರುತ್ತೆ? ಟಿಕೆಟ್ ಈಗಲೇ ಬುಕ್ ಮಾಡಿಬಿಡಲಾ? ದಯವಿಟ್ಟು ಬೇಗ ತಿಳಿಸಿ.

ಉತ್ತರ: ದುಡ್ಡಿನ ಲೆಕ್ಕವೆಲ್ಲ ಬರೆದಿದ್ದೀರಿ, ಯಾವ ದೇಶಕ್ಕೆ ಹೊರಟಿದ್ದೀರಿ ಅಂತಲೇ ಬರೆದಿಲ್ಲ. ಎಫ್‌ಡಿಯ ಪ್ರಶ್ನೆ ನಿಂತಿರುವುದೇ ಅದರ ಮೇಲೆ.

ಜರ್ಮನಿಗೆ ಓದಲು ಹೋಗುವವರಿಗೆ ಬ್ಲಾಕ್ಡ್ ಅಕೌಂಟ್ ಕೇಳುತ್ತಾರೆ, ಅಂದರೆ ಹಣ ಮೊದಲೇ ಕಟ್ಟಿ ತಿಂಗಳಿಗೆ ಇಷ್ಟೇ ಅಂತ ತೆಗೆಯಬಹುದಾದ ಖಾತೆ. 2024ರ ಸೆಪ್ಟೆಂಬರ್‌ನಿಂದ ಅದು ವರ್ಷಕ್ಕೆ 11,904 ಯೂರೊ, ತಿಂಗಳಿಗೆ 992ರಂತೆ ಕೈಗೆ ಸಿಗುತ್ತದೆ. ಎಫ್‌ಡಿ ಮುರಿಸಿ ಆ ಖಾತೆಗೆ ಕಳಿಸಲೇಬೇಕು, ಬರೀ ರಸೀದಿ ತೋರಿಸಿದರೆ ನಡೆಯದು. ಬ್ರಿಟನ್ನಿನ ದಾರಿ ಬೇರೆ. ಅಪ್ಪನ ಹಣ ಒಪ್ಪುತ್ತಾರೆ, ಜೊತೆಗೆ ನಿಮ್ಮ ಜನನ ಪ್ರಮಾಣಪತ್ರ ಮತ್ತು ಅವರ ಒಪ್ಪಿಗೆ ಪತ್ರ ಬೇಕು. ಆದರೆ ಹಣ ಸತತ 28 ದಿನ ಅಲುಗಾಡದೆ ಇರಬೇಕು. ಅರ್ಜಿಗಳು ಕೆಡುವುದು ಇಲ್ಲೇ: ಒಂದೇ ದಿನ ಖಾತೆಯ ಹಣ ಬೇಕಾದ ಮೊತ್ತಕ್ಕಿಂತ ಕೆಳಗಿಳಿದರೂ ಎಣಿಕೆ ಮತ್ತೆ ಒಂದರಿಂದ ಶುರು. ಅಮೆರಿಕದಲ್ಲಿ ಕಾಲೇಜು ಕೊಡುವ ಐ-20 ಪತ್ರದಲ್ಲಿ ಬರೆದ ವರ್ಷದ ಖರ್ಚೇ ಅಳತೆ, ಅದಕ್ಕೆ 14 ಲಕ್ಷ ಸಾಲುವುದು ಅಪರೂಪ.

ಓದಲೋ ಸುತ್ತಾಡಲೋ, ಎಷ್ಟು ದಿನ ಅನ್ನುವುದೂ ಬೇಕು. ಷೆಂಗೆನ್ ಪ್ರವಾಸಿ ವೀಸಾದಲ್ಲಿ ಯಾವುದೇ 180 ದಿನಗಳಲ್ಲಿ 90 ದಿನ ಮಾತ್ರ ಇರಬಹುದು. ಕೆನಡಾದಲ್ಲಿ ಆರು ತಿಂಗಳೊಳಗಿನ ಕೋರ್ಸ್‌ಗೆ ಸಾಮಾನ್ಯವಾಗಿ ಸ್ಟಡಿ ಪರ್ಮಿಟ್ ಬೇಡ. ಭಾರತದಿಂದ ಬ್ರಿಟನ್ನಿಗೆ ಆರು ತಿಂಗಳಿಗಿಂತ ಹೆಚ್ಚು ಕಾಲ ಹೋಗುವವರಿಗೆ ಕ್ಷಯ ಪರೀಕ್ಷೆಯ ಸರ್ಟಿಫಿಕೇಟ್ ಕಡ್ಡಾಯ.

ಪಾಸ್‌ಪೋರ್ಟ್ ಯಾವ ದೇಶದ್ದು? ಕನ್ನಡದಲ್ಲಿ ಬರೆದಿರಿ ಅಂದಮಾತ್ರಕ್ಕೆ ಭಾರತದ್ದೇ ಅಂದುಕೊಳ್ಳುವಂತಿಲ್ಲ. ಒಸಿಐ ಕಾರ್ಡ್ ಇಟ್ಟುಕೊಂಡ ಅಮೆರಿಕದ ಪ್ರಜೆ ಜರ್ಮನಿಗೆ ವೀಸಾ ಇಲ್ಲದೆ ಹೋಗಿ ಅಲ್ಲೇ ವಾಸದ ಪರವಾನಗಿಗೆ ಅರ್ಜಿ ಹಾಕಬಹುದು. ಭಾರತದಲ್ಲಿ ಡಿಗ್ರಿ ಮಾಡಿದ ಭಾರತೀಯ ವಿದ್ಯಾರ್ಥಿಯಾದರೆ ಜರ್ಮನಿಗೆ ಮೊದಲು ಎಪಿಎಸ್ ಸರ್ಟಿಫಿಕೇಟ್, ಅಂದರೆ ಓದಿನ ದಾಖಲೆಗಳು ಅಸಲಿ ಅಂತ ಪರಿಶೀಲಿಸಿ ಕೊಡುವ ಪತ್ರ, ಮಾಡಿಸಬೇಕು.

ಪಾಸ್‌ಪೋರ್ಟ್ ಬಗ್ಗೆ ಮಾತ್ರ ಈಗಲೇ ಹೇಳಬಹುದು. ವರ್ಷಗಟ್ಟಲೆ ಇರುವುದಾದರೆ ಮೊದಲು ನವೀಕರಿಸಿ. ಆಮೇಲೆ ಮಾಡಿಸಿದರೆ ನಂಬರ್ ಬದಲಾಗಿ, ಕಾಲೇಜಿನ ಪತ್ರದಲ್ಲಿ ಒಂದು, ಅರ್ಜಿಯಲ್ಲಿ ಇನ್ನೊಂದು ಆಗಿ ತಿದ್ದಿಸುತ್ತ ಕೂರಬೇಕಾಗುತ್ತದೆ.

ಪೌರತ್ವ, ದೇಶ, ಉದ್ದೇಶ, ಅವಧಿ ಬರೆದು ಕಳಿಸಿ. ಕೋರ್ಸ್ ಆದರೆ ಶುರುವಾಗುವ ದಿನಾಂಕವನ್ನೂ ಸೇರಿಸಿ, ಎಷ್ಟು ದಿನ ಮುಂಚೆ ಅರ್ಜಿ ಹಾಕಬೇಕೆಂಬುದು ಅದರಿಂದಲೇ ಗೊತ್ತಾಗುವುದು. ಅಲ್ಲಿಯತನಕ ಎಫ್‌ಡಿ ಮುರಿಸಬೇಡಿ, ಟಿಕೆಟ್ಟೂ ಬೇಡ.