ಐದೂವರೆ ಗಂಟೆ ಹಿಂದೆ ಬಿದ್ದಿದ್ದ ಕಂಪ್ಯೂಟರ್ ಗಡಿಯಾರ ಸರಿಯಾಯಿತು

ಮೇಡಂ, ನೀವು ಹೇಳಿದ ಹಾಗೆ ಮಾಡಿದ ಮೇಲೆ ನಮ್ಮ ಕಂಪ್ಯೂಟರ್ ಗಡಿಯಾರ ಕೊನೆಗೂ ಸರಿಯಾಯಿತು. ತುಂಬಾ ಥ್ಯಾಂಕ್ಸ್.

ಇದೇ ತೊಂದರೆ ಇರುವ ಬೇರೆಯವರಿಗೂ ಆಗಲಿ ಅಂತ ಪೂರ್ತಿ ಬರೆಯುತ್ತಿದ್ದೇನೆ. ನಮ್ಮದು ಸಿದ್ದಾಪುರದ ಹತ್ತಿರ ಕಾಫಿ ತೋಟ. ಮನೆಯ ಕಂಪ್ಯೂಟರಿನಲ್ಲಿ ಅಪ್ಪನಿಗೆ ವಿಂಡೋಸ್, ನನಗೆ ಉಬುಂಟು. ಅಪ್ಪ ದಿನಾ ಬೆಳಗ್ಗೆ 8ಕ್ಕೆ ಮಳೆ ಅಳೆದು ಇಂಚು, ಸೆಂಟ್ ಲೆಕ್ಕ ಅದರಲ್ಲಿ ಹಾಕುತ್ತಾರೆ. ಸಮಯ ತಾನಾಗಿ ಬೀಳುವ ಹಾಗೆ ನಾನೇ ಮಾಡಿಕೊಟ್ಟಿದ್ದೆ. ಮಳೆಗಾಲ ಶುರುವಾದ ಮೇಲೆ ನೋಡಿದರೆ, ಎಷ್ಟೋ ದಿನ ರಾತ್ರಿ 2:30 ಅಂತ ಬಿದ್ದಿದೆ! ಅಪ್ಪ ನಿದ್ದೆಗೆಟ್ಟು ಮಳೆ ಅಳೆಯುತ್ತಿದ್ದಾರೆ ಅಂತ ತಂಗಿ ನಕ್ಕಿದ್ದೇ ನಕ್ಕಿದ್ದು.

ರಿಪೇರಿಯವರು ಎರಡು ಸಲ ಕಂಪ್ಯೂಟರಿನ ಒಳಗಿನ ಗಡಿಯಾರದ ಬ್ಯಾಟರಿ ಬದಲಿಸಿದರು. ಏನೂ ಆಗಲಿಲ್ಲ. ನೀವೊಬ್ಬರೇ "ಸರಿಯಾಗಿ ಎಷ್ಟು ಹಿಂದೆ ಇದೆ?" ಅಂತ ಕೇಳಿದ್ದು. ಲೆಕ್ಕ ಹಾಕಿದರೆ ಪ್ರತಿ ಸಲವೂ ಐದೂವರೆ ಗಂಟೆ. ಬ್ಯಾಟರಿ ಸತ್ತಿದ್ದರೆ ತಾರೀಖೇ ಎಲ್ಲೋ ವರ್ಷಗಟ್ಟಲೆ ಹಿಂದೆ ಹೋಗುತ್ತಿತ್ತು, ಅಲ್ವಾ?

ಬೋರ್ಡಿನ ಮೇಲಿನ ಗಡಿಯಾರ ಒಂದೇ. ಉಬುಂಟು ಅದರಲ್ಲಿ ಯುಟಿಸಿ ಅನ್ನುವ ಅಂತರರಾಷ್ಟ್ರೀಯ ಸಮಯ ಇಡುತ್ತದೆ, ವಿಂಡೋಸ್ ಅದನ್ನೇ ನಮ್ಮ ಸಮಯ ಅಂದುಕೊಳ್ಳುತ್ತದೆ. ನಮ್ಮ ಸಮಯ ಯುಟಿಸಿಗಿಂತ 5:30 ಮುಂದೆ. ಹಾಗಾಗಿ ನಾನು ರಾತ್ರಿ ಉಬುಂಟು ಬಳಸಿದರೆ, ಬೆಳಗ್ಗೆ ಅಪ್ಪನ ವಿಂಡೋಸ್ ಹಿಂದೆ ಬೀಳುತ್ತಿತ್ತು. ಬೇಸಿಗೆಯಲ್ಲಿ ಇಂಟರ್ನೆಟ್ಟಿನಿಂದ ಸಮಯ ತಾನೇ ಸರಿಹೋಗುತ್ತಿತ್ತು, ಯಾರಿಗೂ ಗೊತ್ತಾಗಲಿಲ್ಲ. ಮಳೆಗಾಲದಲ್ಲಿ ಮರ ಬಿದ್ದು ಲೈನ್ ಹೋದರೆ ಇಲ್ಲಿ ನೆಟ್ಟೂ ಇಲ್ಲ, ಟವರೂ ಇಲ್ಲ. ಬ್ಯಾಟರಿಯವರನ್ನು ಸುಮ್ನೆ ಬೈದುಕೊಂಡೆ.

ನೀವು ಎರಡು ದಾರಿ ಹೇಳಿದ್ದಿರಿ: ರಿಜಿಸ್ಟ್ರಿ ಬದಲಿಸಿ ವಿಂಡೋಸ್ ಕೂಡ ಯುಟಿಸಿ ಅಂತಲೇ ಓದುವ ಹಾಗೆ ಮಾಡುವುದು, ಇಲ್ಲವೇ ಉಬುಂಟು ಬೋರ್ಡಿನಲ್ಲಿ ನಮ್ಮ ಸಮಯವನ್ನೇ ಇಡುವ ಹಾಗೆ ಮಾಡುವುದು. ವಿಂಡೋಸ್ ರಿಜಿಸ್ಟ್ರಿ ಮುಟ್ಟಲು ನನಗೆ ಧೈರ್ಯ ಬರಲಿಲ್ಲ. ಉಬುಂಟುವಿನಲ್ಲೇ ಮಾಡಿದೆ. ಮೊದಲು ಉಬುಂಟುವಿನಲ್ಲಿ ಸಮಯ ಸರಿ ಇದೆಯಾ ನೋಡಿಕೊಳ್ಳಿ, ಇದು ಮುಖ್ಯ. ಮೊದಲ ಸಲ ನಾನು ಇದನ್ನೇ ಮರೆತು ತಪ್ಪು ಸಮಯವನ್ನೇ ಬೋರ್ಡಿಗೆ ಬರೆಸಿಬಿಟ್ಟೆ. ಆಮೇಲೆ:

```
sudo timedatectl set-local-rtc 1
timedatectl
```

ಎರಡನೆಯದರಲ್ಲಿ `RTC in local TZ: yes` ಅಂತ ಬರಬೇಕು. ಕೆಳಗೆ ಉದ್ದದ ಎಚ್ಚರಿಕೆಯೂ ಬರುತ್ತದೆ, ಗಾಬರಿಯಾಗಬೇಡಿ. ಬೇಸಿಗೆಗೆ ಗಡಿಯಾರ ಮುಂದಿಡುವ ದೇಶಗಳಲ್ಲಿ ಈ ದಾರಿ ಜಾಸ್ತಿ ತಲೆನೋವು. ನಮ್ಮಲ್ಲಿ ಆ ಪದ್ಧತಿ ಇಲ್ಲ. ಹಳೆಯ ಹಾಗೇ ಬೇಕಾದರೆ 1ರ ಬದಲು 0 ಹಾಕಿದರೆ ಆಯಿತು.

ನೆಟ್ ಕೇಬಲ್ ಕಿತ್ತಿಟ್ಟು ವಿಂಡೋಸಿನಿಂದ ಉಬುಂಟುವಿಗೆ, ಉಬುಂಟುವಿನಿಂದ ವಿಂಡೋಸಿಗೆ ಮೂರು ಸಲ ಬದಲಿಸಿ ನೋಡಿದೆ. ಎರಡರಲ್ಲೂ ಸಮಯ ಸರಿ. ಈ ವಾರ ಎರಡು ದಿನ ಕರೆಂಟ್ ಇರಲಿಲ್ಲ, ಆಮೇಲೂ ಸರಿಯಾಗೇ ಇದೆ.

ಅಪ್ಪ ನಿಮಗೆ ನಮ್ಮ ತೋಟದ ಕಾಫಿಪುಡಿ ಕಳಿಸಬೇಕು ಅಂತ ಕೂತಿದ್ದಾರೆ. ವಿಳಾಸ ನನಗೆ ಮಾತ್ರ ತಿಳಿಸಿ. ಚಿಕೋರಿ ಬೇಕಾ ಬೇಡವಾ, ಅದನ್ನೂ ಹೇಳಿ.