ಬಿಸಿ ಆರಿಸಿ ಬೆರೆಸಿದ ಎಳ್ಳು ಬೆಲ್ಲ

ನಮ್ಮ ಅಪಾರ್ಟ್‌ಮೆಂಟಿನ ಎಲ್ಲರಿಗೂ ನಮಸ್ಕಾರ. ನಾಳೆ ಸಂಕ್ರಾಂತಿ. ನಿಮಗೂ ನಿಮ್ಮ ಮನೆಯವರಿಗೂ ಹಬ್ಬದ ಶುಭಾಶಯ.

ನಾಲ್ಕು ದಿನದಿಂದ ಟೆರೇಸಿನಲ್ಲಿ ಹಳೇ ಪಂಚೆ ಹಾಸಿ ಬೆಲ್ಲ, ಕೊಬ್ಬರಿ ಒಣಗಿಸುತ್ತಿದ್ದೇನೆ. ನೋಡಿದವರೆಲ್ಲ "ಎಳ್ಳು ಬೀರೋದು ಯಾವಾಗ ಆಂಟಿ?" ಅಂತ ಕೇಳಿದಿರಿ. ಅದಕ್ಕೇ ಈ ಕರೆ. ಜೊತೆಗೆ ನಾನೇ ಕಟ್ಟಿದ ಪದ್ಯ ಒಂದಿದೆ, ಓದಿ.

ಎಳ್ಳು ಹುರಿದು ಆರಲಿಟ್ಟು
ಬೆಲ್ಲ ಹೆಚ್ಚಿ ಬಿಸಿಲಿಗಿಟ್ಟು
ಕಡಲೆ ಬೀಜ ಕೊಬ್ಬರಿ ಜೊತೆ
ಬೆರೆಸಿ ತಂದೆ, ಬನ್ನಿರಿ.

ಗೇಟು ಕಾಯ್ವ ಅಣ್ಣನಿಗೂ
ಮೆಟ್ಟಿಲೊರೆಸೊ ಅಕ್ಕನಿಗೂ
ಮೇಲೆ ಕೆಳಗೆ ಎದುರು ಮನೆಯ
ಮಕ್ಕಳಿಗೂ ಹಂಚುವೆ.

ಸಕ್ರೆ ಅಚ್ಚು ಗಿಣಿಯು ನವಿಲು
ಕೈಲಿ ಕಬ್ಬು ತುಂಡು ಎರಡು
ಎಲಚಿ ಹಣ್ಣು ಎರೆದ ಕೂಸು
ನಕ್ಕರದುವೆ ಸಂಕ್ರಾಂತಿ.

ಬೇಸಿಗೆಯಲಿ ನೀರಿಗಾಗಿ
ಬಿರುಸು ಮಾತು ಬಂದಿತಲ್ಲ,
ಚಳಿಯು ಬಂತು, ಕಾವು ಇಳಿದು
ಮನಸು ತಣ್ಣಗಾಯಿತು.

ಬಿಸಿಯಲೆಳ್ಳು ಬೆರೆಸಿದಾಗ
ಬೆಲ್ಲ ಕರಗಿ ಮುದ್ದೆಯಂತೆ;
ಆರಿದೆಳ್ಳು ಬೆಲ್ಲದೊಳಗೆ
ಉದುರಾಗಿಯೆ ಉಳಿವುದು.

ಎಳ್ಳು ತಿನ್ನಿ, ಬೆಲ್ಲ ತಿನ್ನಿ,
ಒಳ್ಳೆ ಮಾತನಾಡಿ ಬನ್ನಿ.
ಮಾತು ಬಿಟ್ಟ ಮನೆಯ ಬೆಲ್ಲು
ಮೊದಲು ನಾನೆ ಒತ್ತುವೆ.

ಕೊನೆಯ ಸಾಲು ಪ್ರಾಸಕ್ಕೆ ಬರೆದದ್ದಲ್ಲ. ಹೋದ ಬೇಸಿಗೆಯಲ್ಲಿ ಟ್ಯಾಂಕರ್ ನೀರಿನ ವಿಷಯಕ್ಕೆ ಇದೇ ಗ್ರೂಪಿನಲ್ಲಿ ಏನೇನು ಮಾತು ಬಂತು, ಎಲ್ಲರಿಗೂ ಗೊತ್ತು. ನಾನೂ ಒಂದು ರಾತ್ರಿ ಸಿಟ್ಟಿನಲ್ಲಿ ದೊಡ್ಡ ಮೆಸೇಜ್ ಹಾಕಿದ್ದೆ. ಆಮೇಲೆ ಬಿ ಬ್ಲಾಕಿನ ಎರಡು ಮನೆಯವರು ಲಿಫ್ಟಿನಲ್ಲಿ ಸಿಕ್ಕರೂ ನಾನು ಮಾತಾಡಲಿಲ್ಲ, ಅವರೂ ಆಡಲಿಲ್ಲ. ಒಂಬತ್ತು ತಿಂಗಳಾಯ್ತು. ನನ್ನದು ತಪ್ಪಾಯಿತು. ನಾಳೆ ಬೆಳಿಗ್ಗೆ ತಟ್ಟೆ ಹಿಡಿದು ಮೊದಲು ಬರುವುದು ಆ ಎರಡು ಮನೆಗೇ. ದಯವಿಟ್ಟು ಬಾಗಿಲು ತೆಗೆಯಿರಿ.

ಪದ್ಯದಲ್ಲಿ ಎಳ್ಳಿನ ಬಿಸಿ ಆರಿಸುವ ಮಾತು ನಮ್ಮ ಅಮ್ಮನದು. ಎಳ್ಳು, ಕಡಲೆಬೀಜ ಹುರಿದ ಮೇಲೆ ಮೊರದಲ್ಲಿ ಹರಡಿ ಪೂರ್ತಿ ಆರಲು ಬಿಡುತ್ತಿದ್ದರು. ನಾವು ಮಕ್ಕಳು ಅವಸರ ಮಾಡಿದರೆ ಕೈ ಹಿಡಿದು ನಿಲ್ಲಿಸುತ್ತಿದ್ದರು. ಬಿಸಿ ಇರುವಾಗಲೇ ಬೆರೆಸಿದರೆ ಬೆಲ್ಲ ಬೆವರುತ್ತದೆ, ಎಲ್ಲ ಅಂಟಿಕೊಂಡು ಎರಡೇ ದಿನಕ್ಕೆ ಮೆತ್ತಗಾಗುತ್ತದೆ. ಆರಿಸಿ ಬೆರೆಸಿದ್ದು ತಿಂಗಳಾದರೂ ಗರಿಗರಿ ಇರುತ್ತದೆ. ಈ ಸಲ ಅಡಕೆ ಕತ್ತರಿಯಲ್ಲಿ ಬೆಲ್ಲ ಕತ್ತರಿಸುತ್ತ ಕೂತಾಗ ಅಮ್ಮನ ಆ ಕೈ ತುಂಬ ನೆನಪಾಯಿತು.

ನಮ್ಮಲ್ಲಿ ಪೊಂಗಲ್ ಮಾಡುವ ತಮಿಳಿನವರಿದ್ದಾರೆ. ಸಿ ಬ್ಲಾಕಿನ ಮರಾಠಿ ಅಕ್ಕ ಹೋದ ವರ್ಷ ಎಳ್ಳುಂಡೆ ಕೊಟ್ಟು "ತಿಳ್‌ಗುಳ್ ಘ್ಯಾ, ಗೋಡ್ ಗೋಡ್ ಬೋಲಾ" ಅಂದರು. ಎಳ್ಳು ಬೆಲ್ಲ ತಗೊಳ್ಳಿ, ಸಿಹಿಸಿಹಿ ಮಾತಾಡಿ ಅಂತ. ನಾವು ಹೇಳುವುದೂ ಅದೇ ಅಲ್ವಾ? ಧಾರವಾಡದ ಕಡೆಯ ಮನೆಯವರು ಕುಸುರೆಳ್ಳು ತರುತ್ತೇನೆ ಅಂದಿದ್ದಾರೆ. ನಿಮ್ಮ ಮನೆಯಲ್ಲಿ ಏನು ಮಾಡಿದರೂ ಒಂದು ಡಬ್ಬಿಯಲ್ಲಿ ತನ್ನಿ.

ನಾಳೆ ಸಂಜೆ 4 ಗಂಟೆಗೆ ಕೆಳಗೆ ಹೊಂಗೆ ಮರದ ಹತ್ತಿರ ಸೇರೋಣ. ಐದು ವರ್ಷದೊಳಗಿನ ಮಕ್ಕಳನ್ನು ಮಣೆ ಮೇಲೆ ಕೂರಿಸಿ ಎಲಚಿ ಹಣ್ಣು, ಕಬ್ಬಿನ ಚೂರು, ಚಿಲ್ಲರೆ ಕಾಸು ಎರೆಯುತ್ತೇವೆ. ಆರತಿ ಹಾಡು ಬರುವವರು ಸಂಕೋಚ ಬಿಟ್ಟು ಹಾಡಿ. ಗವಿಪುರದಲ್ಲಿ ಸೂರ್ಯನ ಕಿರಣ ನಂದಿಯ ಕೊಂಬಿನ ನಡುವೆ ಹಾದು ಗಂಗಾಧರೇಶ್ವರನ ಮೇಲೆ ಬೀಳುವುದನ್ನು ನೋಡಲು ಹೋಗುವವರಿದ್ದರೆ ಬೆಳಿಗ್ಗೆಯೇ ನಮ್ಮ ಮನೆಗೆ ಬಂದು ನಿಮ್ಮ ಪಾಲು ತಗೊಳ್ಳಿ. ಅಲ್ಲಿ ಜನ ಜಾಸ್ತಿ, ಬೇಗ ಹೊರಡಬೇಕು.

ಒಟ್ಟು 48 ಪೊಟ್ಟಣ ಕಟ್ಟಿದ್ದೇನೆ. 42 ನಮ್ಮ ಮನೆಗಳಿಗೆ, 6 ಸೆಕ್ಯೂರಿಟಿ ಮತ್ತು ಕ್ಲೀನಿಂಗ್‌ನವರಿಗೆ. ಹಸಿರು ದಾರ ಕಟ್ಟಿದ ಮೂರು ಪೊಟ್ಟಣದಲ್ಲಿ ಕಡಲೆಬೀಜ ಇಲ್ಲ. ಅವನ್ನು ಬೇರೆ ಪಾತ್ರೆಯಲ್ಲಿ, ಬೇರೆ ಎಳ್ಳು ಹುರಿದು ಮಾಡಿದ್ದೇನೆ. ಕಡಲೆಬೀಜ ಒಗ್ಗದ ಮಕ್ಕಳ ಅಮ್ಮಂದಿರು ದಾರ ನೋಡಿ ಕೇಳಿ ತಗೊಳ್ಳಿ. ಸಕ್ಕರೆ ಕಾಯಿಲೆ ಇರುವವರು ಎರಡು ಕಾಳು ಎಳ್ಳು ಬಾಯಿಗೆ ಹಾಕಿಕೊಂಡರೂ ನನಗೆ ಸಂತೋಷ.

ಹಬ್ಬಕ್ಕೆ ಊರಿಗೆ ಹೋಗಿರುವವರ ಪೊಟ್ಟಣ ನಮ್ಮ ಮನೆಯಲ್ಲೇ ಇರುತ್ತದೆ. ಬಂದ ದಿನ ಬೆಲ್ ಮಾಡಿ.

ಎ ಬ್ಲಾಕ್, 302ರಿಂದ
ನಿಮ್ಮ ಎಳ್ಳು ಬೆಲ್ಲದ ಆಂಟಿ