ಎಡಗೈಗೂ ಸೋಪು ಬೇಕು

ಕ್ಯಾಂಟೀನಿಗೆ ಬರುವ ಮಕ್ಕಳಿಗೆ, ಡಬ್ಬಿ ಕಟ್ಟುವ ಮನೆಯವರಿಗೆ

ನಲ್ಲಿಯ ಹತ್ತಿರ

ಮೊದಲ ಗಂಟೆ 12:50ಕ್ಕೆ. ಅದು ಕೈ ತೊಳೆಯುವ ಗಂಟೆ. 1ರಿಂದ 4ನೇ ತರಗತಿಯವರು ಮೊದಲು, ಉಳಿದವರು ಐದು ನಿಮಿಷ ಬಿಟ್ಟು. ಊಟದ ಗಂಟೆ 1ಕ್ಕೆ.

ನಲ್ಲಿ ಆರು ಇವೆ. ಪ್ರತಿ ನಲ್ಲಿಗೂ ಬಲೆ ಚೀಲದಲ್ಲಿ ಸೋಪಿನ ತುಂಡು ಕಟ್ಟಿದ್ದೇವೆ. ಚೀಲ ಬಿಚ್ಚಬೇಡಿ, ಹಾಗೆಯೇ ಉಜ್ಜಿಕೊಂಡರೆ ನೊರೆ ಬರುತ್ತದೆ. ತುಂಡು ಸವೆದಿದ್ದರೆ ಅಡುಗೆಮನೆಯ ಕಿಟಕಿ ತಟ್ಟಿ, ಹೊಸದು ಕೊಡುತ್ತೇವೆ.

ಕಿಟಕಿಯಿಂದ ನಾವು ದಿನವೂ ನೋಡುತ್ತಿದ್ದೇವೆ. ಹೆಚ್ಚಿನವರು ಬಲಗೈಯ ಐದು ಬೆರಳ ತುದಿಯನ್ನು ನೀರಿಗೆ ತೋರಿಸಿ, ಚಡ್ಡಿಗೋ ಲಂಗಕ್ಕೋ ಒರೆಸಿಕೊಂಡು ಓಡುತ್ತಾರೆ. ಊಟ ಮಾಡುವುದು ಬಲಗೈಯಲ್ಲಿ, ಆದ್ದರಿಂದ ಎಡಗೈಗೆ ರಜೆ! ಆದರೆ ಡಬ್ಬಿಯ ಮುಚ್ಚಳ ಎಳೆಯುವುದು ಯಾವ ಕೈ? ರೊಟ್ಟಿ ಮುರಿಯುವಾಗ ಅದನ್ನು ಒತ್ತಿ ಹಿಡಿಯುವುದು ಯಾವ ಕೈ? ಶೌಚಾಲಯದಲ್ಲಿ ಕೆಲಸ ಮಾಡಿದ ಕೈ ಯಾವುದು ಎಂದು ನಾವು ಬರೆಯಬೇಕಾಗಿಲ್ಲ.

ಎರಡೂ ಕೈ ಒದ್ದೆ ಮಾಡಿ, ನಲ್ಲಿ ನಿಲ್ಲಿಸಿ, ಸೋಪು ಹಚ್ಚಿ. ಅಂಗೈ, ಮುಂಗೈ, ಬೆರಳ ಸಂದಿ, ಹೆಬ್ಬೆರಳಿನ ಸುತ್ತ ಉಜ್ಜಿ. ಕೊನೆಗೆ ಬೆರಳುಗಳ ತುದಿ ಸೇರಿಸಿ ಇನ್ನೊಂದು ಅಂಗೈ ಮೇಲೆ ಕೆರೆದ ಹಾಗೆ ತಿರುಗಿಸಿ. ಉಗುರ ಸಂದಿಯ ಕೆಂಪು ಮಣ್ಣು ಹೊರಬರುವುದು ಆಗಲೇ. ಜಂತುಹುಳುವಿನ ಮೊಟ್ಟೆ ಮಣ್ಣಿನಿಂದ ಬಾಯಿಗೆ ಹೋಗುವ ದಾರಿಯೂ ಉಗುರೇ. ಫೆಬ್ರವರಿ 10ಕ್ಕೆ ಮತ್ತು ಆಗಸ್ಟ್ 10ಕ್ಕೆ ಶಾಲೆಯಲ್ಲಿ ಕೊಡುವ ಮಾತ್ರೆ ಹೊಟ್ಟೆಯಲ್ಲಿರುವ ಹುಳುವನ್ನು ಕೊಲ್ಲುತ್ತದೆ, ಮಾರನೆಯ ದಿನ ಉಗುರಿನಿಂದ ಹೋಗುವ ಮೊಟ್ಟೆಯನ್ನು ತಡೆಯುವುದಿಲ್ಲ.

ಎಷ್ಟು ಹೊತ್ತು ಉಜ್ಜಬೇಕು? 20 ಸೆಕೆಂಡು. ಗಡಿಯಾರ ಬೇಡ, ಎರಡರ ಮಗ್ಗಿಯನ್ನು ಅವಸರವಿಲ್ಲದೆ ಪೂರ್ತಿ ಹೇಳಿ. ಏಳರ ಮಗ್ಗಿ ಹೇಳುವವರು ನಡುವೆ ತಡಕಾಡಿದರೆ ಕೈ ಇನ್ನಷ್ಟು ಸ್ವಚ್ಛವಾಗುತ್ತದೆ, ನಮ್ಮ ಅಡ್ಡಿಯಿಲ್ಲ.

ಅಬ್ಬಿಯಿಂದ ಬರುವ ನೀರು ಜುಲೈ ತಿಂಗಳಲ್ಲಿ ಕೈ ಮರಗಟ್ಟಿಸುತ್ತದೆ, ಗೊತ್ತು. ಆದರೂ ತಣ್ಣೀರು ಸಾಕು. ಕೊಳೆ ಬಿಡಿಸುವುದು ಸೋಪು ಮತ್ತು ಉಜ್ಜುವಿಕೆ, ನೀರಿನ ಬಿಸಿಯಲ್ಲ. ಬ್ಯಾಗಿನಲ್ಲಿರುವ ಸ್ಯಾನಿಟೈಸರ್ ಮಣ್ಣು ಮೆತ್ತಿದ ಕೈಗೆ, ಎಣ್ಣೆ ಕೈಗೆ ಸರಿಯಾಗಿ ಕೆಲಸ ಮಾಡುವುದಿಲ್ಲ. ದಾರಿಯಲ್ಲಿ ಕಾಲಿಗೆ ಹತ್ತಿದ ಉಂಬಳವನ್ನು ಕಿತ್ತ ಕೈಗೂ ಸೋಪೇ ಬೇಕು.

ತೊಳೆದ ಮೇಲೆ ಒಣ ಕರ್ಚೀಫಿನಿಂದ ಒರೆಸಿಕೊಳ್ಳಿ. ಒದ್ದೆ ಕೈಗೆ ರೋಗಾಣು ಬೇಗ ಅಂಟುತ್ತದೆ. ಮಳೆಗಾಲದಲ್ಲಿ ಒಣ ಕರ್ಚೀಫ್ ಎಲ್ಲಿಂದ ತರುವುದು ಎಂದು ಕೇಳುವವರಿಗೆ: ಮನೆಯಲ್ಲಿ ಒಲೆಯ ಮೇಲಿನ ಹಗ್ಗದಲ್ಲಿ ಒಣಗಿಸಿದ್ದನ್ನು ಒಂದು ಕವರಿನಲ್ಲಿ ಸುತ್ತಿ ಬ್ಯಾಗಿನ ಒಳಖಾನೆಯಲ್ಲಿ ಇಡಿ. ರೇನ್‌ಕೋಟಿಗೆ ಒರೆಸುವುದಕ್ಕಿಂತ ಕೈ ಕೊಡವಿ ನಿಲ್ಲುವುದೇ ಮೇಲು.

ಅಕ್ಟೋಬರ್ 15ರಂದು ವಿಶ್ವ ಕೈ ತೊಳೆಯುವ ದಿನ. ಅಂದು ಎಲ್ಲರೂ ಸಾಲಾಗಿ ತೊಳೆಯುತ್ತೀರಿ, ಫೋಟೊ ತೆಗೆಯುತ್ತಾರೆ. ಅಡುಗೆಮನೆಯವರು ಎಣಿಸುವುದು 16ನೇ ತಾರೀಕಿನಂದು.

ಮುಚ್ಚಳದ ರಬ್ಬರ್ ಬಿಚ್ಚಿ ನೋಡಿದ್ದೀರಾ?

ಇಂದು ಮನೆಗೆ ಹೋದ ಕೂಡಲೇ ಒಂದು ಕೆಲಸ ಮಾಡಿ. ಡಬ್ಬಿಯ ಮುಚ್ಚಳ ತಿರುಗಿಸಿ, ಒಳಗಿನ ರಬ್ಬರನ್ನು ಚಮಚದ ಹಿಡಿಯಿಂದ ಮೆಲ್ಲಗೆ ಎಬ್ಬಿಸಿ. ಕಳೆದ ವಾರ ಒಂದು ಡಬ್ಬಿಯಲ್ಲಿ ನಾವು ಹೀಗೆ ಎಬ್ಬಿಸಿದೆವು. ಹೊರಗೆ ಕನ್ನಡಿಯಂತೆ ಹೊಳೆಯುವ ಸ್ಟೀಲು. ರಬ್ಬರಿನ ಅಡಿಯಲ್ಲಿ ಕಾಡಿಗೆ ಬಳಿದಂತೆ ಕಪ್ಪು ಬೂಷ್ಟು, ಅದರ ನಡುವೆ ಯಾವತ್ತಿನದೋ ಒಂದು ಸಾಸಿವೆ ಕಾಳು. ಯಾರ ಡಬ್ಬಿ ಎಂದು ಹೇಳುವುದಿಲ್ಲ. ಅದು ತೊಳೆಯದ ಡಬ್ಬಿಯೂ ಅಲ್ಲ, ದಿನವೂ ತೊಳೆಯುತ್ತಿದ್ದರು, ರಬ್ಬರ್ ಬಿಚ್ಚುತ್ತಿರಲಿಲ್ಲ ಅಷ್ಟೆ.

ರಬ್ಬರನ್ನು ದಿನವೂ ಬಿಚ್ಚಿ, ಸೋಪು ಹಾಕಿ ತೊಳೆದು, ಬೇರೆಯಾಗಿ ಒಣಗಿಸಿ. ಕಪ್ಪು ಹೋಗದಿದ್ದರೆ ಬದಲಾಯಿಸಿ. ಡಬ್ಬಿಯನ್ನು ಮುಚ್ಚಿ ಇಡಬೇಡಿ, ರಾತ್ರಿಯಿಡೀ ತೆರೆದು ಬೋರಲು ಹಾಕಿ. ಮಲೆನಾಡಿನ ಮಳೆಗಾಲದಲ್ಲಿ ಬಾಗಿಲ ಹಿಂದಿನ ಚರ್ಮದ ಚಪ್ಪಲಿಯೇ ಬೂಷ್ಟು ಹಿಡಿಯುತ್ತದೆ, ಒದ್ದೆ ಡಬ್ಬಿಯ ಪಾಡು ಹೇಳಬೇಕೆ?

ಊಟವಾದ ಮೇಲೆ ಇಲ್ಲಿಯೇ ಡಬ್ಬಿಗೆ ನೀರು ಹಾಕಿ ಒಮ್ಮೆ ಅಲುಗಿಸಿ ಚೆಲ್ಲಿ. ಸಂಜೆ ಐದಕ್ಕೆ ಮನೆಯಲ್ಲಿ ಉಜ್ಜುವವರ ಕೈಗೆ ಕೆಲಸ ಹಗುರವಾಗುತ್ತದೆ. ಶುಕ್ರವಾರದ ಡಬ್ಬಿಯನ್ನು ಬ್ಯಾಗಿನಲ್ಲಿ ಬಿಟ್ಟು ಸೋಮವಾರ ತೆರೆಯುವವರ ಬಗ್ಗೆ ನಮಗೆ ಮಾತಿಲ್ಲ. ಡಬ್ಬಿಯ ಬಟ್ಟೆ ಚೀಲಕ್ಕೂ ವಾರಕ್ಕೊಮ್ಮೆ ಸ್ನಾನವಾಗಲಿ.

ನೀರಿನ ಬಾಟಲಿಯ ಕತ್ತು ಕಿರಿದಾಗಿದ್ದು ಕೈ ಹೋಗದಿದ್ದರೆ, ಒಂದು ಹಿಡಿ ಅಕ್ಕಿ, ಸ್ವಲ್ಪ ಬಿಸಿನೀರು, ಒಂದು ತೊಟ್ಟು ಸೋಪು ಹಾಕಿ ಜೋರಾಗಿ ಕುಲುಕಿ, ಚೆನ್ನಾಗಿ ಜಾಲಿಸಿ. ಕುಡಿಯಲು ಅಬ್ಬಿ ನೀರನ್ನು ನೇರವಾಗಿ ತುಂಬಿಕೊಳ್ಳಬೇಡಿ. ಕಣ್ಣಿಗೆ ತಿಳಿಯಾಗಿ ಕಾಣುವ ನೀರಿನಲ್ಲಿಯೂ ರೋಗಾಣು ಇರಬಹುದು. ಬಾಗಿಲ ಎಡಕ್ಕಿರುವ ಸ್ಟೀಲ್ ಡ್ರಮ್ಮಿನಲ್ಲಿ ಕುದಿಸಿ ಆರಿಸಿದ ಜೀರಿಗೆ ನೀರಿದೆ.

ಡಬ್ಬಿ ಕಟ್ಟುವ ಅಮ್ಮ, ಅಪ್ಪ, ಅಜ್ಜಿಯರಿಗೆ

ತೀರ್ಥಹಳ್ಳಿ ಕಡೆಯ ಬಸ್ಸು ಹಿಡಿಯುವ ಮಕ್ಕಳ ಡಬ್ಬಿ ಬೆಳಿಗ್ಗೆ ಆರೂವರೆಗೇ ಮುಚ್ಚಿರುತ್ತದೆ. ತೆರೆಯುವುದು ಒಂದು ಗಂಟೆಗೆ. ನಡುವಿನ ಆರೂವರೆ ಗಂಟೆಯನ್ನು ಅನ್ನ ಹೇಗೆ ಕಳೆಯುತ್ತದೆ ಎಂಬುದು ನಿಮ್ಮ ಕೈಯಲ್ಲಿದೆ.

ಬಿಸಿ ಅನ್ನವನ್ನು ಹಾಗೆಯೇ ಮುಚ್ಚಿದರೆ ಹಬೆ ಮುಚ್ಚಳಕ್ಕೆ ಬಡಿದು ನೀರಾಗಿ ಅನ್ನದ ಮೇಲೆಯೇ ಸುರಿಯುತ್ತದೆ. ಅಗಲ ತಟ್ಟೆಯಲ್ಲಿ ಹರಡಿ, ಹಬೆ ಪೂರ್ತಿ ಹೋದ ಮೇಲೆ ತುಂಬಿ. ಅಕ್ಕಿರೊಟ್ಟಿಗೂ ಕಡುಬಿಗೂ ಇದೇ ಮಾತು.

ರಾತ್ರಿ ಹೊರಗೆ ಉಳಿದ ಅನ್ನಕ್ಕೆ ಬೆಳಿಗ್ಗೆ ಒಗ್ಗರಣೆ ಹಾಕಿ ಚಿತ್ರಾನ್ನ ಮಾಡಿ ಕಳಿಸಬೇಡಿ. ಅಕ್ಕಿಯಲ್ಲಿರುವ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಕಣಗಳು ಅನ್ನ ಬೇಯಿಸಿದರೂ ಸಾಯುವುದಿಲ್ಲ. ಅನ್ನ ಬೆಚ್ಚಗೆ ಹೊರಗೇ ಇದ್ದಾಗ ಅವು ಮೊಳೆತು ವಿಷ ಬಿಡುತ್ತವೆ, ವಾಂತಿ ತರಿಸುವ ಆ ವಿಷ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ. ಮೂಗಿಗೆ ಗೊತ್ತಾಗಲೇಬೇಕೆಂದೂ ಇಲ್ಲ. ಉಳಿದ ಅನ್ನ ಬೇಕೇ ಇದ್ದರೆ ರಾತ್ರಿ ಊಟ ಮುಗಿದ ಕೂಡಲೇ ಫ್ರಿಜ್ಜಿಗೆ ಸೇರಲಿ. ಇಲ್ಲವಾದರೆ ಬೆಳಿಗ್ಗೆ ಹೊಸದಾಗಿ ಅನ್ನ ಮಾಡಿ.

ಹಸಿ ಕಾಯಿ ಚಟ್ನಿ ಮಧ್ಯಾಹ್ನದ ಹೊತ್ತಿಗೆ ಹಳಸುತ್ತದೆ, ಚಟ್ನಿಪುಡಿ ಹಳಸುವುದಿಲ್ಲ. ಮಿಡಿ ಉಪ್ಪಿನಕಾಯಿ ಹಾಕುವುದಾದರೆ ಜಾಡಿಗೆ ಒಣ ಚಮಚವೇ ಹೋಗಲಿ, ಜಾಡಿಯೂ ಉಳಿಯುತ್ತದೆ.

ಮಗುವಿಗೆ ವಾಂತಿ, ಭೇದಿ ಆಗಿದ್ದರೆ ಅದು ನಿಂತು 48 ಗಂಟೆಯಾಗುವವರೆಗೆ ಮನೆಯಲ್ಲಿರಲಿ. ಹಾಜರಾತಿಯ ವಿಷಯವನ್ನು ತರಗತಿಯ ಶಿಕ್ಷಕರ ಹತ್ತಿರ ಮಾತಾಡಿದ್ದೇವೆ.

ಬೆಂಚಿನ ಮೇಲೆ

ಹಲಸಿನ ಹಪ್ಪಳ ಹಂಚಿ ತಿನ್ನಿ, ಬೇಡವೆನ್ನುವುದಿಲ್ಲ. ಆದರೆ ಊಟ ಶುರುವಾಗುವ ಮೊದಲು, ಎಂಜಲಾಗದ ಮುಚ್ಚಳದಲ್ಲಿ ಹಂಚಿ. ನೆಕ್ಕಿದ ಚಮಚ ಗೆಳೆಯನ ಡಬ್ಬಿಗೆ ಹೋಗಬಾರದು. ಕೆಳಗೆ ಬಿದ್ದದ್ದು ಬಿದ್ದ ಹಾಗೆಯೇ, ಊದಿದರೆ ಶುದ್ಧವಾಗುವುದಿಲ್ಲ.

ಉಳಿದದ್ದು ಹಿಂದಿನ ಕಟ್ಟೆಯ ಕಲಗಚ್ಚಿನ ಬಕೆಟ್ಟಿಗೆ. ಅದು ದನಕ್ಕೆ ಹೋಗುತ್ತದೆ, ಉಪ್ಪಿನಕಾಯಿ ಪೊಟ್ಟಣ, ಚಾಕೊಲೇಟ್ ಕಾಗದ ಅದರಲ್ಲಿ ಕಂಡರೆ ನಮಗೆ ಸಿಟ್ಟು ಬರುತ್ತದೆ.

ಡಬ್ಬಿ ತೆರೆದಾಗ ಹುಳಿ ವಾಸನೆ ಬಂದರೆ, ಅನ್ನ ಲೋಳೆಯಾಗಿದ್ದರೆ, ಬೈಯುತ್ತಾರೆಂದು ಹೆದರಿ ನುಂಗಬೇಡಿ, ಹಸಿದು ಕೂರಲೂ ಬೇಡಿ. ಕೌಂಟರಿನ ಬಲಬದಿಯ ಕಿಟಕಿಗೆ ಬಂದು "ಅಕ್ಕಾ, ಡಬ್ಬಿ ಹಳಸಿದೆ" ಎನ್ನಿ. ಬಿಸಿ ಅನ್ನ, ಸಾರು ಕೊಡುತ್ತೇವೆ. ದುಡ್ಡು ಕೇಳುವುದಿಲ್ಲ, ಹೆಸರು ಬರೆದುಕೊಳ್ಳುವುದಿಲ್ಲ. ಕೈ ಮಾತ್ರ ತೋರಿಸಬೇಕು, ಎರಡನ್ನೂ.

— ಕ್ಯಾಂಟೀನಿನ ಅಡುಗೆಮನೆಯವರು